ಓದೋರೇ ಇಲ್ಲದ ಲಿಪಿನ ಮೊದಲ ಸಲ ಓದಿದ್ದು ಹೇಗೆ? ಬನವಾಸಿ ನಾಗರಕಲ್ಲು ನೋಡಿ ಬಂದ ಪ್ರಶ್ನೆ

ತೋಟದಮನೆ_ಶಿರಸಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ಮಗಳನ್ನ ಕರ್ಕೊಂಡು ಬನವಾಸಿಗೆ ಹೋಗಿದ್ದೆ. ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗರಕಲ್ಲು ಇದ್ಯಲ್ಲ, ಅದರ ಅಂಚಲ್ಲಿ ಬ್ರಾಹ್ಮಿ ಅಕ್ಷರ ಇದ್ದು. ಅದನ್ನ ನೋಡಿ ಮಗಳು ಕೇಳಿದ ಪ್ರಶ್ನೆಗೆ ನಂಗೆ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ. "ಆಯಿ, ಈಗಿನೋರಿಗೆ ಮೇಷ್ಟ್ರು ಹೇಳಿಕೊಟ್ಟಿರ್ತಾರೆ, ಆದ್ರೆ ಎಲ್ಲರೂ ಮರೆತುಹೋದ ಮೇಲೆ ಮೊದಲು ಓದಿದವ್ರಿಗೆ ಯಾರು ಹೇಳಿಕೊಟ್ರು?" ಅಂತ. ಹೌದಲ್ವಾ? ಒಂದು ಅಕ್ಷರಾನೂ ಗೊತ್ತಿಲ್ದೆ ಇದ್ರೆ ಎಲ್ಲಿಂದ ಶುರು ಮಾಡೂದು? ಪ್ರಿನ್ಸೆಪ್ ಅಂತ ಹೆಸರು ಮಾತ್ರ ಗೊತ್ತು. ಅವನು ಕೂತು ಮಾಡಿದ್ದು ಎಂತ ಅಂತ ತಿಳಿದವರು ಹೇಳಿ.

ಕಡಲತೀರ_ಕುಮಟಾ

ಅಕ್ಕ ಇದಕ್ಕೆ ಸುಲಭ ಉತ್ತರ ಉಂಟು, ಎರಡು ಭಾಷೆಯ ನಾಣ್ಯ. ಗ್ರೀಕ್ ರಾಜರು ಅಫ್ಘಾನಿಸ್ತಾನದ ಕಡೆ ಆಳ್ತಾ ಇದ್ದಾಗ ಒಂದು ಬದಿ ಗ್ರೀಕ್, ಇನ್ನೊಂದು ಬದಿ ನಮ್ಮ ಲಿಪಿ ಹಾಕಿ ನಾಣ್ಯ ಹೊಡೆಸಿದ್ರು. ಗ್ರೀಕ್ ಎಲ್ಲರಿಗೂ ಗೊತ್ತು, ಆ ಕಡೆ ಏನಿದ್ಯೋ ಅದೇ ಈ ಕಡೆ, ಅಕ್ಷರಕ್ಕೆ ಅಕ್ಷರ ಹೊಂದಿಸಿದ್ರೆ ಮುಗೀತು. ಪ್ರಿನ್ಸೆಪ್ ಕಲ್ಕತ್ತೆ ಟಂಕಸಾಲೆಯಲ್ಲೇ ಕೆಲಸಕ್ಕಿದ್ದ, ನಾಣ್ಯ ಅವನ ಕೈಗೇ ಬರ್ತಿತ್ತು, ಹಾಗಾಗಿ ಅವನಿಗೆ ಸಿಕ್ತು.

ಕಾಳಿನದಿ_ಕಾರವಾರ

ಸರಿಯಾದ ಜಾಗಕ್ಕೆ ಬಂದೆ ಅನಿಸ್ತದೆ. ನಮ್ಮ ಅಜ್ಜನದು ಕಾರವಾರದಲ್ಲಿ ಅಂಗಡಿ ಇತ್ತು, ಅವರ ಲೆಕ್ಕದ ಪುಸ್ತಕ ನಾಲ್ಕು ಅಟ್ಟದ ಮೇಲೆ ಸಿಕ್ಕಿದೆ, ಪೂರ್ತಿ ಬೇರೆ ಲಿಪಿ, ಮನೇಲಿ ಯಾರಿಗೂ ಓದ್ಲಿಕ್ಕೆ ಬರೂದಿಲ್ಲ. ಮೇಲೊಂದು ಉದ್ದ ಗೆರೆ ಎಳೆದು ಅದಕ್ಕೆ ಅಕ್ಷರ ತೂಗುಹಾಕಿದ ಹಾಗೆ ಬರೆದಿದ್ದಾರೆ, ಶಬ್ದ ಶಬ್ದದ ನಡುವೆ ಜಾಗವೇ ಬಿಟ್ಟಿಲ್ಲ. ಇದೂ ಪ್ರಾಚೀನ ಲಿಪಿಯಾ? ಯಾರಾದ್ರೂ ಬಿಡಿಸಿ ಕೊಡ್ತೀರಾ?

ಶಾಸನಾಸಕ್ತ_ಬನವಾಸಿ

ಕಾಳಿನದಿಯವ್ರೆ, ನೀವು ಹೇಳಿದ್ದು ಕೇಳಿದ್ರೆ ಮೋಡಿ ಲಿಪಿ, ಅದು ಕಳೆದುಹೋದ ಲಿಪಿ ಅಲ್ಲ, ಓದುವವರು ಈಗಲೂ ಇದ್ದಾರೆ. ಅದಕ್ಕೆ ಆಮೇಲೆ ಬರ್ತೇನೆ. ಮೊದಲು ಅಕ್ಕನ ಮಗಳ ಪ್ರಶ್ನೆ, ಯಾಕಂದ್ರೆ ಅಷ್ಟು ಸರಿಯಾದ ಪ್ರಶ್ನೆ ದೊಡ್ಡವರೂ ಕೇಳೂದಿಲ್ಲ.

ಕುಮಟಾದವ್ರು ಹೇಳಿದ್ರಲ್ಲಿ ಅರ್ಧ ಸರಿ ಉಂಟು. ನಾಣ್ಯ ಇತ್ತು, ಸಹಾಯನೂ ಆಯ್ತು. ಆದ್ರೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ಮುಗೀತು ಅನ್ನೂದು ಸರಿಯಲ್ಲ. ಮೊದಲನೇದಾಗಿ ಆ ಗ್ರೀಕ್ ರಾಜರ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲಿದ್ದದ್ದು ಖರೋಷ್ಠಿ, ಬಲದಿಂದ ಎಡಕ್ಕೆ ಬರೆಯುವ ಬೇರೆ ಲಿಪಿ. ಬ್ರಾಹ್ಮಿ ಇದ್ದದ್ದು ಅಗಾಥೊಕ್ಲಿಸ್ ಮೊದಲಾದ ಒಂದಿಬ್ಬರ ನಾಣ್ಯದಲ್ಲಿ ಮಾತ್ರ. 1836ರಲ್ಲಿ ಲಾಸೆನ್ ಅನ್ನುವ ವಿದ್ವಾಂಸ ಅದನ್ನ ಓದಿದ. ಒಂದು ಬದಿ ಗ್ರೀಕಲ್ಲಿ "ಬಸಿಲಿಯೋಸ್ ಅಗಾಥೊಕ್ಲಿಯೂಸ್", ಅಂದ್ರೆ ರಾಜ ಅಗಾಥೊಕ್ಲಿಸನ (ನಾಣ್ಯ). ಇನ್ನೊಂದು ಬದಿ ಬ್ರಾಹ್ಮಿಯಲ್ಲಿ "ರಾಜನೆ ಅಗಥುಕ್ಲೇಯಸ".

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. "ಬಸಿಲಿಯೋಸ್" ಅನ್ನೂದಕ್ಕೂ "ರಾಜನೆ" ಅನ್ನೂದಕ್ಕೂ ಒಂದು ಅಕ್ಷರನೂ ಹೊಂದೂದಿಲ್ಲ. ಬಿರುದನ್ನ ಅನುವಾದ ಮಾಡ್ತಾರೆ, ಹೆಸರನ್ನ ಅನುವಾದ ಮಾಡೂದಿಲ್ಲ, ಇಷ್ಟೇ ವಿಷಯ. ನೀವು ಬಿರುದಿನ ಅಕ್ಷರ ಹೊಂದಿಸ್ಲಿಕ್ಕೆ ಹೋದ್ರೆ ರಾ ಅನ್ನೂದಕ್ಕೆ ಬ ಅಂತ ಬೆಲೆ ಕೊಟ್ಟು ಮುಂದೆ ಎಲ್ಲಾ ಕಡೆ ತಪ್ಪಿ ಬೀಳ್ತೀರಿ. ಹೆಸರಲ್ಲಿ ಮಾತ್ರ ಅ, ಗ, ಥ, ಕ, ಲ ಸಿಗ್ತವೆ. ಅದ್ರಲ್ಲೂ ಕೊನೆ ಹೊಂದೂದಿಲ್ಲ, ಗ್ರೀಕಲ್ಲಿ "ಊಸ್" ಅಂತ ಇದ್ರೆ ಇಲ್ಲಿ "ಯಸ". ಯಾಕಂದ್ರೆ ಅದು ಹೆಸರಿನ ಭಾಗವಲ್ಲ, ವಿಭಕ್ತಿ. ಅವರ ಭಾಷೆಯಲ್ಲಿ ಅವರದ್ದು, ನಮ್ಮ ಕಡೆ ಭಾಷೆಯಲ್ಲಿ ನಮ್ಮದು. ಈ "ಸ" ಒಂದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬರ್ತದೆ.

ತೋಟದಮನೆ_ಶಿರಸಿ

ಹಾಗಾದ್ರೆ ಒಂದು ನಾಣ್ಯದಿಂದ ನಾಲ್ಕೈದು ಅಕ್ಷರ ಸಿಕ್ತು. ಉಳಿದದ್ದು?

ಶಾಸನಾಸಕ್ತ_ಬನವಾಸಿ

ಉಳಿದದ್ದು ಸಾಂಚಿಯಿಂದ. ಅದನ್ನ ಹೇಳೂಕೆ ಮುಂಚೆ ನಮ್ಮೂರಿನ ಒಂದು ವಿಷಯ ಹೇಳ್ತೇನೆ, ಆಗ ಸುಲಭ ಆಗ್ತದೆ.

ನಮ್ಮ ಕಡೆ ಯಾವ್ದೇ ದೇವಸ್ಥಾನಕ್ಕೆ ಹೋಗಿ. ಮೆಟ್ಟಿಲಿಗೆ ಒಂದು ಕಲ್ಲು ಹಲಗೆ, ಕಂಬಕ್ಕೆ ಒಂದು, ಕೂರುವ ಕಟ್ಟೆಗೆ ಒಂದು, ಫ್ಯಾನಿನ ರೆಕ್ಕೆ ಮೇಲೂ ಪೇಂಟಲ್ಲಿ ಬರೆದಿರ್ತಾರೆ. ಎಲ್ಲಾದ್ರಲ್ಲೂ ಶುರುವಿನ ಹೆಸರು ಬೇರೆ ಬೇರೆ, ಕೊನೆ ಮಾತ್ರ ಒಂದೇ, "ಇವರ ಸೇವೆ". ಈಗ ಕನ್ನಡದ ಗಂಧವೇ ಇಲ್ಲದ ಮನುಷ್ಯ ಬಂದು ಆ ಹಲಗೆಗಳನ್ನೆಲ್ಲ ಒಂದು ಹಾಳೆ ಮೇಲೆ ಒಂದರ ಕೆಳಗೆ ಒಂದು ನಕಲು ಮಾಡಿದ ಅಂತ ಇಟ್ಕೊಳ್ಳಿ. ಎರಡು ನಿಮಿಷದಲ್ಲಿ ಅವನಿಗೆ ಕಾಣ್ತದೆ, ಕೊನೆಯ ನಾಲ್ಕೈದು ಅಕ್ಷರ ಎಲ್ಲಾ ಕಡೆ ಒಂದೇ ಅಂತ. ಓದ್ಲಿಕ್ಕೆ ಬರೂದಿಲ್ಲ, ಆದ್ರೆ ಇದು ಕಥೆ ಅಲ್ಲ, ಲೆಕ್ಕ ಅಲ್ಲ, ರಾಜನ ಆಜ್ಞೆ ಅಲ್ಲ, ಬೇರೆ ಬೇರೆ ಜನ ಒಂದೇ ತರದ ಕೆಲಸ ಮಾಡಿ ಹೆಸರು ಹಾಕಿಸಿದ್ದು ಅನ್ನೂದು ತಿಳೀತದೆ. ಕಲ್ಲು ಎಲ್ಲಿದೆ ಅನ್ನೂದೇ ಅರ್ಧ ಉತ್ತರ ಕೊಟ್ಬಿಡ್ತದೆ.

ಸಾಂಚಿಯಲ್ಲಿ ಆಗಿದ್ದೂ ಇದೇ. ಸ್ತೂಪದ ಸುತ್ತ ಕಲ್ಲಿನ ಬೇಲಿ ಉಂಟು, ಅದರ ಕಂಬ, ಅಡ್ಡಪಟ್ಟಿ ಮೇಲೆಲ್ಲ ಒಂದೊಂದು ಸಾಲಿನ ಪುಟ್ಟ ಬರಹ. ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್ ಅನ್ನುವ ಅಧಿಕಾರಿ ಅವುಗಳ ಪಡಿಯಚ್ಚು ತೆಗೆದು ಕಲ್ಕತ್ತೆಗೆ ಕಳಿಸಿದ. 1837ರಲ್ಲಿ ಪ್ರಿನ್ಸೆಪ್ ಅವನ್ನ ಪತ್ರಿಕೆಯಲ್ಲಿ ಅಚ್ಚು ಹಾಕ್ಸೂದಕ್ಕೆ ಸಾಲಾಗಿ ಜೋಡಿಸ್ತಾ ಇದ್ದ. ಆಗ ಕಣ್ಣಿಗೆ ಬಿತ್ತು, ಹೆಚ್ಚುಕಮ್ಮಿ ಎಲ್ಲಾ ಬರಹ ಒಂದೇ ಎರಡು ಅಕ್ಷರದಲ್ಲಿ ಮುಗೀತಾ ಇದ್ವು. ಬೌದ್ಧ ಸ್ತೂಪ, ಬೇಲಿಯ ಬಿಡಿ ಬಿಡಿ ಕಲ್ಲು, ಚಿಕ್ಕ ಚಿಕ್ಕ ಬರಹ, ಕೊನೆ ಒಂದೇ. ದಾನ ಕೊಟ್ಟದ್ದೇ ಇರ್ಬೇಕು ಅಂತ ಅಂದಾಜು ಮಾಡಿದ. "ದಾನಂ".

ಈಗ ಅಕ್ಷರದ ಆಕಾರ ನೋಡಿ. ಮೊದಲ ಅಕ್ಷರಕ್ಕೆ ಪಕ್ಕದಲ್ಲಿ ಸಣ್ಣ ಗೀಟು ಇತ್ತು. ಎರಡನೇದು ಅಡ್ಡಗೆರೆ ಮೇಲೆ ನಿಂತ ಕಂಬದ ಹಾಗೆ, ಅದರ ಪಕ್ಕ ಒಂದು ಚುಕ್ಕೆ. ದ ಪಕ್ಕ ಗೀಟು ಅಂದ್ರೆ ದಾ, ನ ಪಕ್ಕ ಚುಕ್ಕೆ ಅಂದ್ರೆ ನಂ. ಒಂದೇ ಊಹೆಯಲ್ಲಿ ನಾಲ್ಕು ಸಿಕ್ತು, ದ, ನ, ದೀರ್ಘದ ಗೀಟು, ಅನುಸ್ವಾರದ ಚುಕ್ಕೆ.

ಇನ್ನೊಂದು ಉಂಟು. ದಾನಂ ಅನ್ನೂದರ ಹಿಂದೆ ಬಹಳ ಕಡೆ ಒಂದೇ ಅಕ್ಷರ ಬರ್ತಿತ್ತು. ಅದಕ್ಕೆ ಒಂದೆರಡು ದಿನ ಮುಂಚೆ ಅಷ್ಟೇ ಅವನು ಸೌರಾಷ್ಟ್ರದ ಹಳೇ ನಾಣ್ಯ ಓದ್ತಾ ಇದ್ದ, ಅಲ್ಲಿ ಹೆಸರಿನ ಕೊನೆಗೆ ಷಷ್ಠಿಯ "ಸ" ನೋಡಿದ್ದ. ಇಲ್ಲೂ ಅದೇ ಇದ್ರೆ "ಇಂಥವನ ದಾನ" ಅಂತ ಸರಿಯಾಗಿ ಕೂರ್ತದೆ. ಲಾಸೆನ್ ಓದಿದ ಅಗಥುಕ್ಲೇಯಸ ಅನ್ನುವಲ್ಲಿ ಕೊನೆಗಿದ್ದದ್ದೂ ಅದೇ "ಸ". ಸ್ತೂಪದ ದಾನಿಗಳಿಗೂ ಗ್ರೀಕ್ ರಾಜನ ನಾಣ್ಯಕ್ಕೂ ಸಂಬಂಧವೇ ಇಲ್ಲ, ಆದ್ರೆ ಎರಡೂ ಕಡೆಯಿಂದ ಬಂದ ದಾರಿ ಒಂದೇ ಅಕ್ಷರದ ಮೇಲೆ ಬಂದು ಸೇರ್ತು. ಗಟ್ಟಿ ಅಂತ ಹೇಳೂದು ಇದಕ್ಕೆ.

ಕಡಲತೀರ_ಕುಮಟಾ

ಬಿರುದು ಅನುವಾದ, ಹೆಸರು ಅನುವಾದ ಅಲ್ಲ ಅನ್ನೂದು ನಂಗೆ ಹೊಳೆದೇ ಇರ್ಲಿಲ್ಲ ಸರ್, ಒಪ್ಪಿದೆ. ಆದ್ರೆ ಒಂದು ಸಂಶಯ. ಕನ್ನಡ ಲಿಪಿ ಬಂದದ್ದೇ ಬ್ರಾಹ್ಮಿಯಿಂದ ಅಂತಾರೆ. ಹಾಗಿದ್ರೆ ಹಲ್ಮಿಡಿ, ಕದಂಬರ ಕಾಲ ಅಂತ ಹಿಂದೆ ಹಿಂದೆ ಹೋದ್ರೆ ಸಾಕಿತ್ತಲ್ಲ, ದಾನಂ ಊಹೆ ಯಾಕೆ ಬೇಕಿತ್ತು?

ಶಾಸನಾಸಕ್ತ_ಬನವಾಸಿ

ಒಳ್ಳೆ ಪ್ರಶ್ನೆ. ಹಿಂದಕ್ಕೆ ಹೋಗುವ ಕೆಲಸ ಅವರೂ ಮಾಡಿದ್ರು. ಗುಪ್ತರ ಕಾಲದ ಅಕ್ಷರನ ಪ್ರಿನ್ಸೆಪ್‌ಗಿಂತ ಮುಂಚೆಯೇ ಓದಿ ಆಗಿತ್ತು. ಅಲಹಾಬಾದಿನ ಒಂದೇ ಕಂಬದ ಮೇಲೆ ಸಮುದ್ರಗುಪ್ತನ ಬರಹನೂ ಉಂಟು, ಅಶೋಕನದ್ದೂ ಉಂಟು. ಆದ್ರೆ ಎರಡರ ಮಧ್ಯೆ ಆರುನೂರು ವರ್ಷ. ಅಷ್ಟರಲ್ಲಿ ಅಕ್ಷರ ಎಷ್ಟು ತಿರುಗಿಬಿಟ್ಟಿತ್ತು ಅಂದ್ರೆ ಆಕಾರ ನಂಬಿದ್ರೆ ಕೆಲವು ಸರಿ ಆಗ್ತಿತ್ತು, ಕೆಲವು ಪೂರ್ತಿ ಕೈಕೊಡ್ತಿತ್ತು.

ನಾವೇ ನೋಡುವ. ಬ್ರಾಹ್ಮಿಯಲ್ಲಿ ದುಂಡಗೆ ಒಂದು ಸುತ್ತು ಇದ್ರೆ ಅದು ಠ. ನಮ್ಮ ಠ ಇವತ್ತಿಗೂ ದುಂಡಗೇ ಉಂಟು, ಹಾಗಾಗಿ ಕನ್ನಡದವನು ಕಣ್ಣಳತೆಯಲ್ಲೇ ಸರಿ ಹೇಳ್ಬಹುದು. ಆದ್ರೆ ಅದೇ ಕನ್ನಡದವನಿಗೆ ಅದು ಸೊನ್ನೆನೂ ಅನಿಸ್ಬಹುದು, ಅನುಸ್ವಾರನೂ ಅನಿಸ್ಬಹುದು. ಇನ್ನು ಬ್ರಾಹ್ಮಿ ಕ ಅಂದ್ರೆ ಕೂಡಿಸುವ ಚಿಹ್ನೆ, ಬ ಅಂದ್ರೆ ಚೌಕ. ಅದನ್ನ ನೋಡಿ ನಮ್ಮ ಕ, ನಮ್ಮ ಬ ಅಂತ ಯಾರಿಗೂ ಹೊಳೆಯೂದಿಲ್ಲ. ಹಾಗಾಗಿ ಆಕಾರ ಸುಳಿವು ಕೊಡ್ತದೆ, ಸಾಕ್ಷಿ ಹೇಳೂದಿಲ್ಲ. ಸಾಕ್ಷಿ ಬೇರೆ ಕಡೆಯಿಂದ ಬರ್ಬೇಕು.

ಇನ್ನೊಂದು ಮುಖ್ಯ ಕೆಲಸ ಅವನು 1834ರಲ್ಲೇ ಮಾಡಿದ್ದ, ಅದರ ಬಗ್ಗೆ ಯಾರೂ ಮಾತಾಡೂದಿಲ್ಲ. ಅಲಹಾಬಾದ್ ಕಂಬದ ಅಕ್ಷರಗಳನ್ನ ಬಿಡಿಸಿ ಪಟ್ಟಿ ಮಾಡಿದ, ಒಂದೊಂದು ಮೂಲ ಆಕಾರದ ಜೊತೆ ಯಾವ ಯಾವ ಗೀಟು ಸೇರ್ತದೆ ಅಂತ. ಅದೇ ನಾಲ್ಕೈದು ಗೀಟು ಎಲ್ಲಾ ಆಕಾರಕ್ಕೂ ಸೇರ್ತಾ ಇತ್ತು. ಅಂದ್ರೆ ಇದು ನಮ್ಮ ಕಾಗುಣಿತದ ತರದ ಲಿಪಿ, ಆ ಗೀಟೆಲ್ಲ ಸ್ವರ. ನೋಡಿ, ಒಂದು ಅಕ್ಷರದ ಧ್ವನಿಯೂ ಗೊತ್ತಿಲ್ದೆ ಲಿಪಿಯ ಸ್ವಭಾವ ಗೊತ್ತಾಯ್ತು. ಪುನರಾವರ್ತನೆ ಕೊಡೂದು ಇಷ್ಟೇ, ಧ್ವನಿ ಅಲ್ಲ, ಎಲುಬಿನ ಗೂಡು. ದಾನಂ ಸಿಕ್ಕ ದಿನ ಆ ಪಟ್ಟಿ ಸಿದ್ಧ ಇದ್ದಿದ್ದಕ್ಕೇ ಒಂದು ದೀರ್ಘದ ಗೀಟು ತಿಳಿದ ಕೂಡ್ಲೇ ಎಲ್ಲಾ ವ್ಯಂಜನದ ದೀರ್ಘ ಒಟ್ಟಿಗೇ ತಿಳೀತು.

ಅಡಕೆಸಿಂಗಾರ_ಯಲ್ಲಾಪುರ

ಊಹೆ ಸರಿ ಅಂತ ಗೊತ್ತಾಗೂದು ಹೇಗೆ ಮಾರಾಯ್ರೆ? ದಾನಂ ಬದಲು ಬೇರೆ ಶಬ್ದ ಇಟ್ಟಿದ್ರೂ ಕೂರ್ತಿತ್ತೋ ಏನೋ. ನಮ್ಮ ಕಡೆ ನಿಧಿ ಇದೆ ಅಂತ ಬಂಡೆ ಮೇಲಿನ ಗೀರು ಓದುವವರು ಸುಮಾರು ಜನ ಇದ್ದಾರೆ, ಅವ್ರದ್ದೂ ಎಲ್ಲಾ ಕೂರ್ತದೆ.

ಶಾಸನಾಸಕ್ತ_ಬನವಾಸಿ

ಇದೇ ಬೇಕಿತ್ತು. ಒಂದು ಶಬ್ದ ಒಂದು ಜಾಗದಲ್ಲಿ ಕೂತ್ರೆ ಏನೂ ಸಾಬೀತಾಗೂದಿಲ್ಲ. ನೀವು ಬೆಲೆ ಕಟ್ಟುವಾಗ ನೋಡದೇ ಇದ್ದ ಜಾಗಕ್ಕೆ ಅದೇ ಬೆಲೆ ತಗೊಂಡು ಹೋಗ್ಬೇಕು, ಅಲ್ಲಿ ನೀವು ಏನೂ ತಿದ್ದದೆ ಅರ್ಥವುಳ್ಳ ಮಾತು ಹೊರಡ್ಬೇಕು.

ಪ್ರಿನ್ಸೆಪ್ ಸಾಂಚಿಯ ಬೆಲೆ ತಗೊಂಡು ದೆಹಲಿಯ ಕಂಬಕ್ಕೆ ಹೋದ. 14ನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಟೋಪ್ರಾದಿಂದ ದೆಹಲಿಗೆ ಸಾಗಿಸಿದ ಕಂಬ ಅದು, ಆಗಲೇ ಪಂಡಿತರನ್ನ ಕರೆಸಿ ಓದ್ಸಿದ್ರೂ ಯಾರಿಗೂ ಬಂದಿರ್ಲಿಲ್ಲ. ಅದರಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಶುರುವಿಗೆ ಬರ್ತದೆ. ಅಲ್ಲಿ ನಂ ಅನ್ನೂದು, ಚುಕ್ಕೆ ಸಮೇತ, ಮೊದಲ ಶಬ್ದದಲ್ಲೇ ಕೂತಿತ್ತು. ಕಮಲಾಕಾಂತ ವಿದ್ಯಾಲಂಕಾರರಂಥ ಪಂಡಿತರು ಜೊತೆಗಿದ್ದು ಓದಿದಾಗ ಹೊರಬಂದದ್ದು "ದೇವಾನಂಪಿಯ ಪಿಯದಸಿ ಲಾಜ ಹೇವಂ ಆಹ", ದೇವರಿಗೆ ಪ್ರಿಯನಾದ ಪ್ರಿಯದರ್ಶಿ ರಾಜ ಹೀಗೆ ಹೇಳ್ತಾನೆ. ದಾನಿಗಳ ಕಲ್ಲಿನಿಂದ ತೆಗೆದ ಕೀಲಿಕೈ ರಾಜನ ಆಜ್ಞೆಯ ಬೀಗ ತೆಗೀತು.

ಇಲ್ಲಿ ಒಂದು ಕಡೆ ಎಡವಬಹುದಿತ್ತು. "ರಾಜ" ಇರ್ಬೇಕಾದಲ್ಲಿ "ಲಾಜ" ಅಂತ ಬಂತು. ಲ ತಪ್ಪು ಓದಿದ್ವಿ ಅಂತ ಬೆಲೆ ತಿದ್ದಿದ್ರೆ ಮುಂದಿನದ್ದೆಲ್ಲ ಕೆಡ್ತಿತ್ತು. ಆದ್ರೆ ಗುಜರಾತಿನ ಗಿರ್ನಾರ್ ಬಂಡೆಯಲ್ಲಿ ಇದೇ ರಾಜನ ಮಾತಲ್ಲಿ ಅದೇ ಶಬ್ದ "ರಾಜಾ" ಅಂತ ಉಂಟು, ರ ಬೇರೆ ಅಕ್ಷರ. ಪೂರ್ವದ ಆಡುಮಾತಲ್ಲಿ ರ ಹೋಗಿ ಲ ಆಗಿತ್ತು ಅಷ್ಟೇ. ನಮ್ಮ ಘಟ್ಟದ ಮೇಲಿನ ಮಾತು, ಕೆಳಗಿನ ಮಾತು ಬೇರೆ ಇದ್ದ ಹಾಗೆ. ನಿಧಿ ಓದುವವರು ಎಡವಿದಲ್ಲೆಲ್ಲ ಬೆಲೆ ಬದಲಾಯಿಸ್ತಾರೆ, ಗುರುತಿಸೂದು ಅಲ್ಲೇ.

ಇಷ್ಟೆಲ್ಲ ಓದಿಯೂ ಆ ಪ್ರಿಯದರ್ಶಿ ಯಾರು ಅಂತ ಅಕ್ಷರ ಹೇಳ್ಲಿಲ್ಲ. ಪ್ರಿನ್ಸೆಪ್ ಮೊದಲು ಸಿಂಹಳದ ರಾಜ ಅಂದ್ಕೊಂಡಿದ್ದ. ಅಲ್ಲಿದ್ದ ಟರ್ನರ್ ಪಾಲಿ ಗ್ರಂಥ ನೋಡಿ ಅಶೋಕನೇ ಪಿಯದಸಿ ಅಂತ ತೋರಿಸಿದ. ಅವನದ್ದೇ ಶಾಸನದಲ್ಲಿ ಅಶೋಕ ಅನ್ನುವ ಹೆಸರು ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಪ್ರಿನ್ಸೆಪ್ 1840ರಲ್ಲೇ ತೀರಿಹೋಗಿದ್ದ.

ತೋಟದಮನೆ_ಶಿರಸಿ

ಮಗಳು ಪಕ್ಕದಲ್ಲೇ ಕೂತು ಓದ್ತಾ ಇದ್ದಾಳೆ. ನಾಗರಕಲ್ಲಲ್ಲಿ ಆ "ಸ" ಇದ್ಯಾ ಅಂತ ಕೇಳ್ತಿದ್ದಾಳೆ.

ಶಾಸನಾಸಕ್ತ_ಬನವಾಸಿ

ಇದೆ ತಂಗಿ, ಶುರುವಲ್ಲೇ ಇದೆ. ಅದಕ್ಕಿಂತ ಚಂದದ ವಿಷಯ ಹೇಳ್ತೇನೆ ಕೇಳು. ಸಾಂಚಿಯ ದಕ್ಷಿಣದ ತೋರಣದ ಮೇಲೆ ಒಂದು ಬರಹ ಉಂಟು: "ರಾಞೋ ಸಿರಿ ಸಾತಕಣಿಸ ಆವೇಸನಿಸ ವಾಸಿಠಿಪುತಸ ಆನಂದಸ ದಾನಂ". ರಾಜ ಶ್ರೀ ಸಾತಕರ್ಣಿಯ ಶಿಲ್ಪಿಗಳ ಮುಖ್ಯಸ್ಥ, ವಾಸಿಷ್ಠಿಯ ಮಗ ಆನಂದನ ದಾನ. ಎಷ್ಟು ಸಲ "ಸ" ಬಂತು ಎಣಿಸು. ಈಗ ನಮ್ಮ ಬನವಾಸಿ ಕಲ್ಲು ಶುರುವಾಗೂದು ಹೀಗೆ: "ಸಿಧಂ ರಞೋ ಹಾರಿತೀಪುತಸ", ಮುಂದೆ ರಾಜನ ಉದ್ದ ಹೆಸರು, ಅದು ಮುಗಿಯೂದು "ಸಾತಕಂಣಿಸ" ಅಂತ. ಅಲ್ಲಿ ವಾಸಿಠಿಪುತಸ, ಇಲ್ಲಿ ಹಾರಿತೀಪುತಸ. ಅಲ್ಲಿ ರಾಞೋ, ಇಲ್ಲಿ ರಞೋ. ಎರಡು ಊರಿನ ನಡುವೆ ಸಾವಿರ ಕಿಲೋಮೀಟರ್ ಹತ್ರ ದೂರ, ಇನ್ನೂರು ಮುನ್ನೂರು ವರ್ಷದ ಅಂತರ. ಆದ್ರೂ ಅಚ್ಚು ಒಂದೇ. ಮುಂದೆ ರಾಜನ ಮಗಳು ನಾಗ, ಕೆರೆ, ವಿಹಾರ ಮಾಡಿಸಿದ್ದು ಹೇಳಿದೆ, ನಾಗನನ್ನ ಕಡೆದ ನಟಕ ಅನ್ನುವ ಶಿಲ್ಪಿಯ ಹೆಸರೂ ಉಂಟು.

ಮುಂದಿನ ಸಲ ಹೋದಾಗ ಕಲ್ಲಿಗೆ ಸುಣ್ಣ, ಸೀಮೆಸುಣ್ಣ ಹಚ್ಬೇಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿದ್ದಾಗ ಹೋಗಿ, ಇಲ್ಲಾಂದ್ರೆ ಟಾರ್ಚನ್ನ ಪಕ್ಕದಿಂದ ಹಿಡೀರಿ, ನೆರಳಲ್ಲಿ ಅಕ್ಷರ ಎದ್ದು ಕಾಣ್ತದೆ.

ಅಡಕೆಸಿಂಗಾರ_ಯಲ್ಲಾಪುರ

ಹಾಗಾದ್ರೆ ಸಿಂಧೂ ಕಣಿವೆ ಮುದ್ರೆನೂ ಹೀಗೇ ಓದ್ಬಹುದಲ್ಲ. ಯಾರೋ ಅದು ಹಳೆಗನ್ನಡ ಅಂತ ಪೂರ್ತಿ ಓದಿ ಮುಗಿಸಿದ್ದಾರೆ ಅಂತ ವಾಟ್ಸಾಪಲ್ಲಿ ಬಂದಿತ್ತು.

ಶಾಸನಾಸಕ್ತ_ಬನವಾಸಿ

ಅಲ್ಲಿ ಕಷ್ಟ ಬೇರೆ ತರ. ಬ್ರಾಹ್ಮಿಯಲ್ಲಿ ಲಿಪಿ ಗೊತ್ತಿರ್ಲಿಲ್ಲ, ಭಾಷೆ ಗೊತ್ತಿತ್ತು, ಸಂಸ್ಕೃತ ಪಾಲಿಗೆ ಹತ್ರದ ಪ್ರಾಕೃತ. ಸಿಂಧೂ ಮುದ್ರೆಯಲ್ಲಿ ಎರಡೂ ಗೊತ್ತಿಲ್ಲ. ಒಂದು ಬರಹದಲ್ಲಿ ಸರಾಸರಿ ಐದು ಚಿಹ್ನೆ, ಆದ್ರೆ ಒಟ್ಟು ಚಿಹ್ನೆ ನಾನೂರರ ಹತ್ರ, ಐರಾವತಂ ಮಹಾದೇವನ್ ಅವರ ಪಟ್ಟಿಯಲ್ಲಿ 417. ಎರಡು ಭಾಷೆಯ ಬರಹ ಒಂದೂ ಸಿಕ್ಕಿಲ್ಲ. ಪುನರಾವರ್ತನೆ ಮಾತ್ರ ಧಾರಾಳ ಉಂಟು. ಕೊಡದ ಹಾಗೆ ಕಾಣುವ ಒಂದು ಚಿಹ್ನೆ ಬಹಳ ಸಲ ಕೊನೆಯಲ್ಲೇ ಬರ್ತದೆ, ನಮ್ಮ "ಸ" ತರ ಅದೂ ಪ್ರತ್ಯಯ ಇರ್ಬಹುದು ಅಂತ ಅನಿಸ್ತದೆ. ಆದ್ರೆ ಪ್ರತ್ಯಯವೋ, ಬಿರುದೋ, ಅಳತೆಯೋ ಅಂತ ತೀರ್ಮಾನ ಮಾಡ್ಲಿಕ್ಕೆ ದಾರಿ ಇಲ್ಲ. ಐದು ಚಿಹ್ನೆಯ ಬರಹಕ್ಕೆ ನಿಮಗೆ ಬೇಕಾದ ಭಾಷೆಯ ಬೇಕಾದ ಶಬ್ದ ಕೂರಿಸ್ಬಹುದು, ಹಾಗಾಗಿ ಕನ್ನಡದಲ್ಲೂ ಕೂರ್ತದೆ, ಬೇರೆ ಭಾಷೆಯಲ್ಲೂ ಕೂರ್ತದೆ. ಕನ್ನಡ ಅಂದ್ರೆ ನಂಗೂ ಪ್ರಾಣವೇ, ಆದ್ರೆ ಇದನ್ನ ಒಪ್ಪಲಿಕ್ಕೆ ಆಗೂದಿಲ್ಲ.

ಕಡಲತೀರ_ಕುಮಟಾ

ಅದು ಭಾಷೆಯ ಬರಹವೇ ಅಲ್ಲ, ಬರೀ ಗುರುತು ಅಂತ ಹೇಳುವವರೂ ಇದ್ದಾರಲ್ಲ ಸರ್?

ಶಾಸನಾಸಕ್ತ_ಬನವಾಸಿ

ಇದ್ದಾರೆ, 2004ರಿಂದ ಆ ಜಗಳ ನಡೀತಾ ಉಂಟು. ನಂಗೆ ಭಾಷೆಯೇ ಅನಿಸ್ತದೆ, ಆದ್ರೆ ಅದು ನನ್ನ ಅನಿಸಿಕೆ. ಮೆಸೊಪೊಟೇಮಿಯದಲ್ಲಿ ಮೆಲುಹ್ಹ ಭಾಷೆಯ ದುಭಾಷಿ ಅಂತ ಹೆಸರು ಹಾಕ್ಸಿಕೊಂಡ ಶು-ಇಲಿಶು ಅನ್ನುವವನ ಮುದ್ರೆ ಸಿಕ್ಕಿದೆ. ಮೆಲುಹ್ಹ ಅಂದ್ರೆ ಸಿಂಧೂ ಕಡೆ ಅಂತ ಹೆಚ್ಚಿನವರ ಅಭಿಪ್ರಾಯ. ದುಭಾಷಿ ಇದ್ದ ಅಂದ ಮೇಲೆ ಎರಡು ಭಾಷೆಯ ಬರಹ ಎಲ್ಲೋ ಮಣ್ಣಲ್ಲಿ ಇರ್ಬಹುದು ಅಂತ ನಂಗೆ ಆಸೆ.

ಕಾಳಿನದಿ_ಕಾರವಾರ

ಇದೆಲ್ಲ ಓದಿ ನಿನ್ನೆ ರಾತ್ರಿ ಅಜ್ಜನ ಪುಸ್ತಕ ತೆಗೆದು ಕೂತೆ. ಪ್ರತಿ ಪುಟದಲ್ಲಿ ನಡುವೆ ಮಡಿಕೆ, ಎಡಕ್ಕೆ ಮೇಲೆ ಒಂದು ಶಬ್ದ, ಬಲಕ್ಕೆ ಮೇಲೆ ಇನ್ನೊಂದು, ಎಲ್ಲಾ ಪುಟದಲ್ಲೂ ಅವೇ ಎರಡು. ಅಂಕಿ ಮರಾಠಿದೇ, ಓದ್ಲಿಕ್ಕೆ ಬರ್ತದೆ. ಎಡದ ಮೊತ್ತ, ಬಲದ ಮೊತ್ತ ಕೂಡಿಸಿ ನೋಡಿದೆ, ವ್ಯತ್ಯಾಸ ಎಷ್ಟೋ ಅಷ್ಟೇ ಮುಂದಿನ ಪುಟದ ಎಡಕ್ಕೆ ಮೊದಲ ಸಾಲಲ್ಲಿ ಉಂಟು. ಹಾಗಾಗಿ ಎಡ "ಜಮಾ", ಬಲ "ನಾವೇ" ಇರ್ಬೇಕು. ಆಮೇಲೆ ಕಾರವಾರ ಅನ್ನೂದು ಎಲ್ಲಾದ್ರೂ ಇರ್ಲೇಬೇಕು ಅಂತ ಹುಡುಕಿದೆ, ಅದ್ರಲ್ಲಿ ರ ಎರಡು ಸಲ ಬರ್ಬೇಕಲ್ಲ. ಎರಡು ಸಲ ಒಂದೇ ಅಕ್ಷರ ಇರುವ ಆ ಉದ್ದದ ಶಬ್ದ ಸಿಗ್ತಾನೇ ಇಲ್ಲ.

ಶಾಸನಾಸಕ್ತ_ಬನವಾಸಿ

ನೀವು ಮಾಡಿದ ಬಾಕಿ ಲೆಕ್ಕದ ಪರೀಕ್ಷೆ ಬಹಳ ಗಟ್ಟಿ, ಜಮಾ ನಾವೇ ಸರಿಯೇ ಇರ್ತದೆ. ಮೋಡಿಯಲ್ಲಿ ಸ್ವರ ಸೇರಿದಾಗ, ಕೈ ಎತ್ತದೆ ಬರೆದಾಗ ಕೆಲವು ಅಕ್ಷರದ ರೂಪವೇ ಬದಲಾಗ್ತದೆ. ಒಂದೇ ಅಕ್ಷರದ ಎರಡು ರೂಪನ ನೀವು ಎರಡು ಅಕ್ಷರ ಅಂತ ಎಣಿಸಿರ್ಬಹುದು, ಲಿಪಿ ಬಿಡಿಸುವವರು ಅತಿ ಹೆಚ್ಚು ಮೋಸ ಹೋಗೂದು ಇಲ್ಲೇ. ರ ಬಿಡಿ, "ಜಮಾ" ದಲ್ಲಿರುವ ಮಾ ಮತ್ತೆ "ನಾವೇ" ದಲ್ಲಿರುವ ನಾ ಹಿಡ್ಕೊಂಡು ಬೇರೆ ಸಾಲಲ್ಲಿ ಹುಡುಕಿ. ಒಂದು ಪುಟದ ಫೋಟೋ ಹಾಕಿ, ಗಿರಾಕಿಗಳ ಹೆಸರು ಇರುವ ಕಡೆ ಮುಚ್ಚಿ.

ಕಾಳಿನದಿ_ಕಾರವಾರ

ನಾಳೆ ಹಗಲು ಬೆಳಕಲ್ಲಿ ತೆಗೆದು ಹಾಕ್ತೇನೆ ಸರ್. ಪುಟ ಮುಟ್ಟಿದ್ರೆ ಅಂಚು ಉದುರ್ತಾ ಉಂಟು.

ತೋಟದಮನೆ_ಶಿರಸಿ

ಮಗಳು ಎಣಿಸಿದ್ಲು, ಸಾಂಚಿ ಸಾಲಲ್ಲಿ ಶಬ್ದದ ಕೊನೆಗೆ "ಸ" ನಾಲ್ಕು ಸಲ. ಈಗ ನಮ್ಮೂರ ದೇವಸ್ಥಾನದ ಮೆಟ್ಟಿಲಲ್ಲಿ "ಇವರ ಸೇವೆ" ಎಷ್ಟು ಉಂಟು ಎಣಿಸ್ಬೇಕು ಅಂತ ಪುಸ್ತಕ ಪೆನ್ಸಿಲ್ ತಗೊಂಡು ಹೊರಟಿದ್ದಾಳೆ.